‘ಕ’ ಅಕ್ಷರಕ್ಕೆ ಮೂರು ಬೈಟ್ ಏಕೆ? E0 B2 95ರ ಹಿನ್ನೆಲೆ

ಲಿನಕ್ಸ್ ಅಥವಾ ಮ್ಯಾಕ್ ಗಣಕದ ಟರ್ಮಿನಲ್‌ನಲ್ಲಿ ಈ ಸಾಲು ಕೊಟ್ಟರೆ ‘ಕ’ ಅಕ್ಷರ ಕಡತದಲ್ಲಿ ಯಾವ ರೂಪದಲ್ಲಿ ಕೂತಿರುತ್ತದೆ ಎಂಬುದು ಕಣ್ಣಿಗೇ ಕಾಣುತ್ತದೆ:

```
printf 'ಕ' | xxd -g 1
00000000: e0 b2 95
```

ಎಡಗಡೆಯ ಸೊನ್ನೆಗಳು ಸ್ಥಾನಸಂಖ್ಯೆ. ಬಲತುದಿಯಲ್ಲಿ ಬರುವ ಚುಕ್ಕಿಗಳನ್ನು ಇಲ್ಲಿ ಬಿಟ್ಟಿದೆ. ನಮಗೆ ಬೇಕಾದದ್ದು E0, B2, 95 ಎಂಬ ಮೂರು ಬೈಟ್‌ಗಳು. `printf` ಬದಲು `echo` ಬಳಸಿದರೆ ಕೊನೆಯಲ್ಲಿ 0a ಎಂಬ ನಾಲ್ಕನೆಯದೂ ಬರುತ್ತದೆ. ಅದು ಸಾಲು ಮುಗಿಯಿತೆಂಬ ಗುರುತೇ ಹೊರತು ಅಕ್ಷರದ ಭಾಗವಲ್ಲ. ಮೊದಲ ಸಲ ನೋಡುವವರು ಇಲ್ಲೇ ಎಡವುತ್ತಾರೆ.

ಯೂನಿಕೋಡ್‌ನಲ್ಲಿ ‘ಕ’ ಅಕ್ಷರದ ಸಂಖ್ಯೆ U+0C95. ಯೂನಿಕೋಡ್ ಸಂಖ್ಯೆಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಈ 0C95 ಮೂರು ಬೈಟ್‌ಗಳಾಗಿ ಹಂಚಿಹೋಗುವ ಬಗೆ ಬಿಟ್‌ಗಳನ್ನು ಬಿಡಿಸಿ ಬರೆದರೆ ತಿಳಿಯುತ್ತದೆ:

```
0C95 = 0000 110010 010101

1110 0000   10 110010   10 010101
   E0          B2          95
```

ಹದಿನಾರು ಬಿಟ್‌ಗಳನ್ನು ನಾಲ್ಕು, ಆರು, ಆರು ಎಂದು ಒಡೆದು, ಪ್ರತಿ ತುಂಡಿನ ಮುಂದೆ ಒಂದೊಂದು ಗುರುತು ಅಂಟಿಸಲಾಗಿದೆ. ಮೊದಲ ಬೈಟ್‌ನ ಗುರುತು 1110. ಸೊನ್ನೆ ಬರುವ ಮೊದಲು ಎಷ್ಟು ಒಂದುಗಳಿವೆ ಎಂದು ಎಣಿಸಿದರೆ ಮೂರು. ಅಂದರೆ ಈ ಅಕ್ಷರ ಒಟ್ಟು ಮೂರು ಬೈಟ್‌ಗಳದ್ದು. ಉಳಿದೆರಡರ ಗುರುತು 10. ‘ನಾನು ಹಿಂದಿನದರ ಬಾಲ, ನನ್ನಿಂದ ಓದು ಶುರು ಮಾಡಬೇಡ’ ಎಂಬುದು ಅದರ ಅರ್ಥ.

ಹೆಕ್ಸಾಡೆಸಿಮಲ್‌ನಲ್ಲಿ ಓದುವಾಗ ಬಿಟ್ ಎಣಿಸುವ ಕಷ್ಟವೂ ಬೇಕಿಲ್ಲ, ಬೈಟ್‌ನ ಮೊದಲ ಅಂಕಿ ನೋಡಿದರೆ ಸಾಕು. ಅದು 0ರಿಂದ 7ರೊಳಗಿದ್ದರೆ ಇಂಗ್ಲಿಷ್ ಅಕ್ಷರದಂಥ ಒಂಟಿ ಬೈಟ್. 8, 9, A, B ಇದ್ದರೆ ಬಾಲ. C ಅಥವಾ D ಇದ್ದರೆ ಎರಡು ಬೈಟ್‌ಗಳ ಅಕ್ಷರ ಶುರು, E ಇದ್ದರೆ ಮೂರರದ್ದು, F ಇದ್ದರೆ ನಾಲ್ಕರದ್ದು. C0, C1 ಮತ್ತು F5ರಿಂದ FFವರೆಗಿನ ಬೈಟ್‌ಗಳು ಸರಿಯಾದ ಯುಟಿಎಫ್-8ನಲ್ಲಿ ಎಲ್ಲೂ ಬರುವುದಿಲ್ಲ. ಕಂಡರೆ ಕಡತ ಕೆಟ್ಟಿದೆ ಅಥವಾ ಬೇರೆ ಸಂಕೇತದಲ್ಲಿದೆ ಎಂದೇ ಅರ್ಥ.

ಒಂದು ಅಕ್ಷರಕ್ಕೆ ಮೂರು ಬೈಟ್ ದುಬಾರಿ ಅನ್ನಿಸುವುದು ಸಹಜ, ಏಕೆಂದರೆ ಇದೇ ‘ಕ’ ಹಿಂದೆ ಒಂದೇ ಬೈಟ್‌ನಲ್ಲಿ ಹಿಡಿಯುತ್ತಿತ್ತು. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಪ್ರಕಟಿಸಿದ ಇಸ್ಕಿ ಮಾನಕದಲ್ಲಿ ಅದು ಬರೀ B3. ಆದರೆ ಅಲ್ಲಿ ಕನ್ನಡದ ‘ಕ’, ತೆಲುಗಿನ ‘ಕ’, ದೇವನಾಗರಿಯ ‘ಕ’ ಎಲ್ಲವೂ B3. ಯಾವ ಲಿಪಿ ಎಂಬುದನ್ನು ಬೇರೆಯಾಗಿ ಹೇಳಬೇಕಿತ್ತು. ಯೂನಿಕೋಡ್ ಈ ಪ್ರತಿ ಲಿಪಿಗೂ ತನ್ನದೇ 128 ಮನೆಗಳ ಕೇರಿ ಕೊಟ್ಟಿತು. ಒಳಗಿನ ಜೋಡಣೆಯನ್ನು ಮಾತ್ರ ಇಸ್ಕಿಯ 1988ರ ಆವೃತ್ತಿಯಿಂದ ತೆಗೆದುಕೊಂಡಿತು. ಅದರ ಕುರುಹು ಇಂದಿಗೂ ಬೈಟ್‌ಗಳಲ್ಲಿ ಉಳಿದಿದೆ: ದೇವನಾಗರಿಯ ‘ಕ’ E0 A4 95, ತೆಲುಗಿನದು E0 B0 95, ನಮ್ಮದು E0 B2 95. ಕೊನೆಯ ಬೈಟ್ ಮೂರರಲ್ಲೂ ಒಂದೇ, ಲಿಪಿ ಬೇರೆಯಾಗುವುದು ನಡುವಿನದರಲ್ಲಿ. ಒಂದು ಬಾಲದ ಬೈಟ್‌ನಲ್ಲಿ 64 ಬೆಲೆಗಳಷ್ಟೇ ಹಿಡಿಯುವುದರಿಂದ ಕನ್ನಡದ 128 ಮನೆಗಳು B2, B3 ಎಂದು ಎರಡು ಭಾಗವಾಗಿವೆ. ಗಡಿ ಬೀಳುವುದು ಗುಡಿಸಿನ ನಡುವೆ: ‘ಕಿ’ಯಲ್ಲಿನ ಹ್ರಸ್ವ ಗುಡಿಸು E0 B2 BF, ಅದರ ಮುಂದಿನ ದೀರ್ಘ E0 B3 80.

0C95 ಎಂಬ ಸಂಖ್ಯೆಯನ್ನು ಕಡತದಲ್ಲಿ ಎರಡು ಬೈಟ್‌ಗಳಾಗಿ, 0C 95 ಎಂದೇ ಬರೆಯಬಹುದಿತ್ತಲ್ಲ? ಯುನಿಕ್ಸ್ ಅದನ್ನು ತಾಳುತ್ತಿರಲಿಲ್ಲ. ಆ ವ್ಯವಸ್ಥೆಯಲ್ಲಿ ಸೊನ್ನೆ ಬೈಟ್ ಎಂದರೆ ಪಠ್ಯದ ಕೊನೆ, 2F ಎಂದರೆ ಕಡತದ ದಾರಿಯಲ್ಲಿ ಬರುವ ಓರೆಗೆರೆ. ಎರಡು ಬೈಟ್‌ಗಳ ಬರಹದಲ್ಲಿ ಇಂಗ್ಲಿಷ್ ‘A’ ಕೂಡ 00 41 ಆಗಿ ಪಠ್ಯ ಅಲ್ಲೇ ಮುಗಿದುಹೋಗುತ್ತಿತ್ತು. ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ ಸೂಚಿಸಿದ್ದ ಯುಟಿಎಫ್-1 ಎಂಬ ಹಿಂದಿನ ಪದ್ಧತಿಯಲ್ಲಿ ಸೊನ್ನೆಯ ಕಾಟ ಇರಲಿಲ್ಲ, ಆದರೆ ಬೇರೆ ಅಕ್ಷರದ ಹೊಟ್ಟೆಯೊಳಗೆ 2F ನುಸುಳುವ ಸಾಧ್ಯತೆ ಇತ್ತು.

1992ರಲ್ಲಿ ಯುನಿಕ್ಸ್ ಕಂಪನಿಗಳ ಎಕ್ಸ್/ಓಪನ್ ಒಕ್ಕೂಟದ ಮುಂದೆ ಡೇವ್ ಪ್ರೊಸರ್ ಅವರ ಪ್ರಸ್ತಾಪ ಬಂತು. ಮೊದಲ ಬೈಟ್‌ನಲ್ಲಿ ಉದ್ದ ಹೇಳುವ ಉಪಾಯ ಅದರಲ್ಲೇ ಇತ್ತು. ಎರಡು ಬೈಟ್‌ಗಳ ಅಕ್ಷರದ ಮೊದಲ ಬೈಟ್ 10ರಿಂದ ಶುರುವಾಗುತ್ತಿತ್ತು, ಬಾಲಕ್ಕೆ ಬರೀ ಒಂದು 1ರ ಗುರುತು. ಜಾಗ ಉಳಿಯುತ್ತಿದ್ದುದರಿಂದ ಕನ್ನಡಕ್ಕೆ ಎರಡೇ ಬೈಟ್ ಸಾಕಾಗುತ್ತಿತ್ತು. ಎರಡು ಬೈಟ್‌ಗಳ ಎಣಿಕೆ 0080ರಿಂದ ಶುರುವಾಗುವ ಆ ಲೆಕ್ಕದಲ್ಲಿ ‘ಕ’ 98 95 ಆಗುತ್ತದೆ. ತೊಡಕೂ ಇದರಲ್ಲೇ ಇದೆ. 98 ಮತ್ತು 95 ಎರಡೂ ಬಿಟ್‌ಗಳಲ್ಲಿ 10ರಿಂದಲೇ ಶುರುವಾಗುತ್ತವೆ. ಕಡತದ ನಡುವೆ ಎಲ್ಲೋ 95 ಕಂಡರೆ ಅದು ತಲೆಯೋ ಬಾಲವೋ ಹೇಳಲಾಗದು. ಒಂದು ಬೈಟ್ ಕಳೆದುಹೋದರೆ ಅಲ್ಲಿಂದಾಚೆ ಜೋಡಿಗಳೆಲ್ಲ ತಪ್ಪುತ್ತಾ ಹೋಗುತ್ತವೆ.

ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಇದನ್ನು ತಿದ್ದಿ ಯುಟಿಎಫ್-8 ರೂಪಿಸಿದರು. ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟದ ಮೇಜಿನ ಹಾಸುಕಾಗದದ ಮೇಲೆ ಥಾಂಪ್ಸನ್ ಬಿಟ್‌ಗಳ ವಿನ್ಯಾಸ ಬರೆದರೆಂದು ಪೈಕ್ ಮುಂದೆ ದಾಖಲಿಸಿದ್ದಾರೆ. ಕೆಲವೇ ದಿನಗಳಲ್ಲಿ ಅವರ ‘ಪ್ಲಾನ್ 9’ ಕಾರ್ಯವ್ಯವಸ್ಥೆ ಇದಕ್ಕೆ ಬದಲಾಯಿತು. 10 ಎಂಬ ಗುರುತನ್ನು ಬಾಲಕ್ಕೆ ಮಾತ್ರ ಮೀಸಲಿಟ್ಟದ್ದು ಇಲ್ಲಿನ ತಿದ್ದುಪಡಿಯ ತಿರುಳು. ಇದರಿಂದ ಬಾಲಕ್ಕೆ ಏಳು ಬಿಟ್ ಬದಲು ಆರೇ ಉಳಿದವು. ಎರಡು ಬೈಟ್‌ಗಳಲ್ಲಿ 07FFವರೆಗಷ್ಟೇ ಹಿಡಿಯಿತು. 0C95 ಅದನ್ನು ದಾಟುತ್ತದೆ, ಹಾಗಾಗಿ ಮೂರನೆಯ ಬೈಟ್ ಬಂತು. ಆಗ ಒಂದು ಅಕ್ಷರ ಆರು ಬೈಟ್‌ಗಳವರೆಗೂ ಹೋಗಬಹುದಿತ್ತು. 2003ರ ನವೆಂಬರ್‌ನಲ್ಲಿ ಬಂದ ಅಂತರ್ಜಾಲ ಮಾನಕ ಆರ್‌ಎಫ್‌ಸಿ 3629 ಅದನ್ನು ನಾಲ್ಕಕ್ಕೆ ಇಳಿಸಿತು.

ಕನ್ನಡ ಆ ಹೆಚ್ಚುವರಿ ಬೈಟ್ ತೆತ್ತು ಪಡೆದದ್ದೇನು ಎಂಬುದು ಪಠ್ಯವನ್ನು ಕತ್ತರಿಸುವಾಗ ಗೊತ್ತಾಗುತ್ತದೆ. ‘ಕನ್ನಡ’ ಪದದ ಬೈಟ್‌ಗಳು ಹದಿನೈದು:

```
ಕ  E0 B2 95
ನ  E0 B2 A8
್  E0 B3 8D
ನ  E0 B2 A8
ಡ  E0 B2 A1
```

ಒಂದು ಅಂಕಣದಲ್ಲಿ ಹತ್ತು ಬೈಟ್‌ಗೆ ಮಾತ್ರ ಜಾಗವಿದೆ ಎಂದಿಟ್ಟುಕೊಳ್ಳಿ. ಕಣ್ಣು ಮುಚ್ಚಿ ಕತ್ತರಿಸಿದರೆ ಕೊನೆಯಲ್ಲಿ ಒಂಟಿ E0 ಉಳಿದು ತೆರೆಯ ಮೇಲೆ � ಕಾಣುತ್ತದೆ. ಸರಿಯಾಗಿ ಕತ್ತರಿಸಲು, ಬಿಟ್ಟುಹೋಗಲಿರುವ ಮೊದಲ ಬೈಟ್ ಯಾವುದೆಂದು ನೋಡಬೇಕು. ಹನ್ನೊಂದನೆಯದು B2, ಅಂದರೆ ಬಾಲ, ಹಾಗಾಗಿ ಒಂದು ಹೆಜ್ಜೆ ಹಿಂದೆ. ಹತ್ತನೆಯದು E0, ತಲೆ. ಅದರ ಮುಂಚೆ, ಒಂಬತ್ತನೆಯ ಬೈಟ್ ಆದಮೇಲೆ ಕತ್ತರಿಸಬೇಕು. ಸರಿಯಾದ ಯುಟಿಎಫ್-8ನಲ್ಲಿ ಹೀಗೆ ಹಿಂದೆ ಸರಿಯಬೇಕಾದದ್ದು ಹೆಚ್ಚೆಂದರೆ ಮೂರು ಹೆಜ್ಜೆ. 98 95 ಮಾದರಿಯಲ್ಲಿ ಇದೇ ಕೆಲಸಕ್ಕೆ ಪಠ್ಯದ ಆರಂಭಕ್ಕೋ ಹಿಂದಿನ ಯಾವುದೋ ಇಂಗ್ಲಿಷ್ ಅಕ್ಷರಕ್ಕೋ ಹೋಗಿ ಅಲ್ಲಿಂದ ಎಣಿಸಿಕೊಂಡು ಬರಬೇಕಾಗುತ್ತಿತ್ತು.

ಇನ್ನೊಂದು ಬಗೆಯ ಕೆಡುಕಿನಲ್ಲಿ ಬೈಟ್‌ಗಳಿಗೆ ಏನೂ ಆಗಿರುವುದಿಲ್ಲ, ಓದುವ ತಂತ್ರಾಂಶ ಅವನ್ನು ವಿಂಡೋಸ್-1252 ಎಂಬ ಒಂಟಿ ಬೈಟ್ ಸಂಕೇತವೆಂದು ತಪ್ಪಾಗಿ ತಿಳಿದಿರುತ್ತದೆ. ಆಗ ‘ಕ’ ಬದಲು `ಕ` ಕಾಣುತ್ತದೆ. ಪುಟದ ತುಂಬ `à²` ಮತ್ತು `à³` ಸಾಲುಗಟ್ಟಿದ್ದರೆ ಅವು ಕನ್ನಡದ E0 B2, E0 B3. ಕಡತವನ್ನು ಯುಟಿಎಫ್-8 ಎಂದು ಹೇಳಿ ಮತ್ತೆ ತೆರೆದರೆ ಬರಹ ಮರಳುತ್ತದೆ. ಆ ರೂಪದಲ್ಲೇ ಉಳಿಸಿಬಿಟ್ಟರೆ ಮಾತ್ರ ಕಷ್ಟ. ಅರ್ಧಾಕ್ಷರದ ಚಿಹ್ನೆಯಲ್ಲಿರುವ 8Dಗೆ 1252ರಲ್ಲಿ ಅಕ್ಷರವೇ ಇಲ್ಲ. ಕೆಲವು ತಂತ್ರಾಂಶಗಳು ಅದನ್ನು ಪ್ರಶ್ನಾರ್ಥಕ ಚಿಹ್ನೆ ಮಾಡಿ ಉಳಿಸುತ್ತವೆ. ಅಂಥ ಕಡತವನ್ನು ಆಮೇಲೆ ಹಿಂದಕ್ಕೆ ತಿರುಗಿಸಿದರೆ ಹೆಚ್ಚಿನ ಬಿಡಿ ಅಕ್ಷರಗಳೇನೋ ಮರಳುತ್ತವೆ, ಒತ್ತಕ್ಷರಗಳು ಮರಳುವುದಿಲ್ಲ.

ಮೊದಲ ಬೈಟ್ ಹೇಳುವ ಉದ್ದ ಒಂದು ಯೂನಿಕೋಡ್ ಸಂಖ್ಯೆಯದ್ದು, ನಾವು ಬಾಯಲ್ಲಿ ಹೇಳುವ ಅಕ್ಷರದ್ದಲ್ಲ. ‘ಕ್ಷ’ ನಮಗೆ ಒಂದು ಅಕ್ಷರ, ಕಡತದಲ್ಲಿ ಅದು E0 B2 95, E0 B3 8D, E0 B2 B7 ಎಂಬ ಮೂರು ತುಂಡುಗಳು, ಒಂಬತ್ತು ಬೈಟ್. ಮೇಲೆ ನಿಯಮದಂತೆ ಒಂಬತ್ತಕ್ಕೆ ಕತ್ತರಿಸಿದ ‘ಕನ್ನಡ’ದಲ್ಲೂ ಉಳಿದದ್ದು ‘ಕನ್’. ಬೈಟ್‌ಗಳ ಮಟ್ಟಿಗೆ ಅದರಲ್ಲಿ ತಪ್ಪಿಲ್ಲ. ಆದರೆ ಒತ್ತು ಕಳಚಿಹೋಗಿದೆ. ಅದನ್ನು ತಡೆಯಬೇಕಾದರೆ E0 B3 8D ಕಂಡಲ್ಲಿ ಅದರ ಹಿಂದಿನ ವ್ಯಂಜನವನ್ನೂ ಬಿಟ್ಟು, ‘ಕ’ ಮುಗಿಯುವ ಮೂರನೆಯ ಬೈಟ್‌ಗೇ ಕತ್ತರಿ ಹಾಕಬೇಕು.