ಅವರು ಅಷ್ಟೊಂದು ಮಾತಾಡಿದರು, ಕೆಳಗೆ ಇಷ್ಟೇ ಯಾಕೆ?

ಓದುಗರೊಬ್ಬರ ಪ್ರಶ್ನೆ: "ಅಮ್ಮನ ಜೊತೆ ಕೂತು ಹಿಂದಿ ಸೀರೀಸ್ ನೋಡುತ್ತೇನೆ. ನನಗೆ ಹಿಂದಿ ಬರುತ್ತೆ, ಅಮ್ಮನಿಗೆ ಬರಲ್ಲ, ಅದಕ್ಕೆ ಕನ್ನಡ ಸಬ್‌ಟೈಟಲ್ ಹಾಕಿಕೊಳ್ಳುತ್ತೇವೆ. ಆದರೆ ಪಾತ್ರ ಹೇಳಿದ್ದರಲ್ಲಿ ಮುಕ್ಕಾಲು ಭಾಗ ಮಾತ್ರ ಕೆಳಗೆ ಬರುತ್ತೆ. ಪೂರ್ತಿ ಬರೆಯೋಕೆ ಏನು ಕಷ್ಟ? ಸೋಮಾರಿತನ ಅಲ್ವಾ?"

ಸಬ್‌ಟೈಟಲ್ ಬರೆಯುವ ನಮಗೆ ಈ ಬೈಗುಳ ಹೊಸದಲ್ಲ. ಎಷ್ಟೋ ಸಲ ಪೂರ್ತಿ ಬರೆಯುವುದೇ ಸುಲಭದ ಕೆಲಸ, ಕಡಿಮೆ ಮಾಡುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ. ಒಂದು ಮಾತನ್ನೇ ಇಟ್ಟುಕೊಂಡು ತೋರಿಸುತ್ತೇನೆ.

ದೃಶ್ಯ ಹೀಗಿದೆ ಅಂದುಕೊಳ್ಳಿ. ಊರಲ್ಲಿರುವ ತಾಯಿ, ದೂರದ ಪಟ್ಟಣದಲ್ಲಿರುವ ಮಗ. ಅವನು ಕೊನೆಗೂ ಫೋನ್ ಎತ್ತಿದ್ದಾನೆ. ತಾಯಿ ಒಂದೇ ಉಸಿರಿಗೆ ಹೇಳುತ್ತಾಳೆ: "ಅರೇ, ಕಬ್ ಸೇ ಫೋನ್ ಕರ್ ರಹೀ ಹೂಂ, ಉಠಾತೇ ಕ್ಯೋಂ ನಹೀಂ? ಪಾಪಾ ಕೀ ತಬಿಯತ್ ಠೀಕ್ ನಹೀಂ ಹೈ, ಕಲ್ ಸುಬಹ್ ಕೀ ಬಸ್ ಸೇ ಘರ್ ಆ ಜಾಓ." ಇಷ್ಟೂ ಮಾತು ಮುಗಿಯಲು 5 ಸೆಕೆಂಡು.

ಏನೂ ಬಿಡದೆ ಕನ್ನಡಕ್ಕೆ ತಂದರೆ ಹೀಗಾಗುತ್ತದೆ: "ಅಯ್ಯೋ, ಎಷ್ಟೊತ್ತಿಂದ ಫೋನ್ ಮಾಡ್ತಾ ಇದ್ದೀನಿ, ಯಾಕೆ ಎತ್ತಲ್ಲ? ಅಪ್ಪನಿಗೆ ಹುಷಾರಿಲ್ಲ, ನಾಳೆ ಬೆಳಿಗ್ಗೆ ಬಸ್ಸಿಗೆ ಊರಿಗೆ ಬಂದುಬಿಡು."

ಚೆನ್ನಾಗೇ ಇದೆ. ಆದರೆ ಇದನ್ನು ತೆರೆಗೆ ಹಾಕುವ ಹಾಗಿಲ್ಲ. ಕಾರಣ ಎರಡು, ಒಂದು ಜಾಗದ್ದು, ಇನ್ನೊಂದು ಹೊತ್ತಿನದ್ದು.

ಜಾಗದ ಲೆಕ್ಕ ಸುಲಭ. ಒಂದು ಸಲಕ್ಕೆ ಎರಡೇ ಸಾಲು. ಮೂರನೇ ಸಾಲು ಬಂದರೆ ನಟರ ಗದ್ದಕ್ಕೇ ಬರುತ್ತದೆ. ಸಾಲಿಗೆ ಇಷ್ಟು ಅಕ್ಷರ ಅಂತ ಮಿತಿ ಇರುತ್ತದೆ, ಇಂಗ್ಲಿಷ್ ಸಬ್‌ಟೈಟಲ್‌ಗಳಲ್ಲಿ ಈಗ ತುಂಬಾ ಕಡೆ ನಡೆಯುವುದು 42. ಅದನ್ನೇ ಕನ್ನಡಕ್ಕೂ ಹಿಡಿದರೆ ಎರಡು ಸಾಲಿಗೆ 84. ನಮ್ಮ ತಾಯಿಯ ಮಾತು ಕಂಪ್ಯೂಟರ್ ಎಣಿಕೆಯಲ್ಲಿ 111. ಅಲ್ಲಿಗೆ ಒಂದೇ ಸಬ್‌ಟೈಟಲ್‌ನಲ್ಲಿ ಹಿಡಿಸುವ ಆಸೆ ಬಿಡಬೇಕು.

ಸರಿ, ಎರಡಾಗಿ ಒಡೆಯೋಣ ಅಂದರೆ ಹೊತ್ತಿನ ಲೆಕ್ಕ ಅಡ್ಡ ಬರುತ್ತದೆ. ಮಾತು ಕಿವಿಗೆ ಬೀಳುವಷ್ಟು ಬೇಗ ಕಣ್ಣು ಓದುವುದಿಲ್ಲ, ಅದರಲ್ಲೂ ಚಿತ್ರ ನೋಡುತ್ತಾ ಓದುವ ಕಣ್ಣು. ಅದು ಮುಖ ನೋಡಬೇಕು, ಕೆಳಗಿಳಿದು ಓದಬೇಕು, ಮತ್ತೆ ಮೇಲೆ ಹೋಗಿ ತಾಯಿಯ ಕಣ್ಣಲ್ಲಿ ನೀರಿದೆಯಾ ಅಂತ ನೋಡಬೇಕು. ಹಳೆಯ ಟೀವಿ ಕಾಲದಲ್ಲಿ, ಎರಡು ತುಂಬಿದ ಸಾಲಿಗೆ 6 ಸೆಕೆಂಡು ಕೊಡಬೇಕು ಅನ್ನುವ ರೂಢಿಯೇ ಇತ್ತು. ಆಗ ಸಾಲುಗಳೂ ಚಿಕ್ಕವು, ಲೆಕ್ಕ ಹಾಕಿದರೆ ಸೆಕೆಂಡಿಗೆ ಸುಮಾರು 12 ಅಕ್ಷರ. ಈಗ ಜನ ಬೇಗ ಓದುತ್ತಾರೆ ಅಂತ ಮಿತಿ ಏರಿದೆ, 17, 20 ಹೀಗೆ, ಕೆಲಸ ಕೊಡುವವರ ಮೇಲೆ ಹೋಗುತ್ತದೆ. ನಾನು ಇಲ್ಲಿ 17 ಅಂತ ಇಟ್ಟುಕೊಳ್ಳುತ್ತೇನೆ. ನಮ್ಮ 111 ಅಕ್ಷರವನ್ನು 5 ಸೆಕೆಂಡಿಗೆ ಹಂಚಿದರೆ ಸೆಕೆಂಡಿಗೆ 22 ದಾಟುತ್ತದೆ. ಓದುವಷ್ಟರಲ್ಲಿ ಮಾಯ.

ಇಲ್ಲೊಂದು ತಮಾಷೆ ಇದೆ. ಬಿಬಿಸಿಯ ಸಬ್‌ಟೈಟಲ್ ಸೂಚನೆಗಳಲ್ಲಿ ವೇಗವನ್ನು ಪದದ ಲೆಕ್ಕದಲ್ಲಿ ಹೇಳಿದ್ದಾರೆ, ನಿಮಿಷಕ್ಕೆ 160ರಿಂದ 180 ಪದ. ಆ ಹಿಂದಿ ಮಾತಿನಲ್ಲಿ 24 ಪದ ಇದ್ದವು, ಕನ್ನಡದಲ್ಲಿ 14ಕ್ಕೆ ಇಳಿದವು. 5 ಸೆಕೆಂಡಿಗೆ 14 ಅಂದರೆ ನಿಮಿಷಕ್ಕೆ 168. ಪಾಸ್! ಅಕ್ಷರದ ಲೆಕ್ಕದಲ್ಲಿ ಫೇಲಾದದ್ದೇ ಪದದ ಲೆಕ್ಕದಲ್ಲಿ ಪಾಸಾಯಿತು. ಇಂಗ್ಲಿಷ್‌ಗೆ ಮಾಡಿದ ಅಳತೆ ಅದು. ನಮ್ಮಲ್ಲಿ 'ಕೀ', 'ಸೇ', 'ಹೈ'ಗಳೆಲ್ಲ ಪದದ ಬಾಲಕ್ಕೆ ಅಂಟಿಕೊಳ್ಳುವುದರಿಂದ ಒಂದೊಂದು ಪದವೂ ರೈಲು. ಹಾಗಾಗಿ ಕನ್ನಡಕ್ಕೆ ಪದ ಎಣಿಸಿ ಕೂತರೆ ಕೆಟ್ಟಿರಿ.

ಅಕ್ಷರದ ಎಣಿಕೆಯೂ ಪೂರ್ತಿ ನ್ಯಾಯ ಅಲ್ಲ ಬಿಡಿ. 'ಎಷ್ಟೊತ್ತಿಂದ' ಅನ್ನುವುದರಲ್ಲಿ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ಎ, ಷ್ಟೊ, ತ್ತಿಂ, ದ. ಕಂಪ್ಯೂಟರ್ ಮಾತ್ರ ಅರ್ಧಾಕ್ಷರದ ಚಿಹ್ನೆ, ಒತ್ತು, ಗುಣಿತ, ಸೊನ್ನೆ ಎಲ್ಲವನ್ನೂ ಬಿಡಿಬಿಡಿಯಾಗಿ ಎಣಿಸಿ 11 ಅನ್ನುತ್ತದೆ. 'ಸ್ತ್ರೀ' ಒಂದೇ ಅಕ್ಷರ, ಅದಕ್ಕೆ 6. ಇನ್ನು 'ಸಬ್‌ಟೈಟಲ್' ಅಂತ ಟೈಪ್ ಮಾಡುವಾಗ ಬ್ ಮತ್ತು ಟೈ ಒಂದರ ಕೆಳಗೊಂದು ಹೋಗದಿರಲಿ ಅಂತ ನಡುವೆ ಒಂದು ಕಾಣದ ಚಿಹ್ನೆ ಹಾಕುತ್ತೇವಲ್ಲ, ಸಾಮಾನ್ಯವಾಗಿ ಅದೂ ಲೆಕ್ಕಕ್ಕೆ ಸೇರುತ್ತದೆ. ಕೆಲವು ಸಾಫ್ಟ್‌ವೇರ್‌ಗಳು ಖಾಲಿ ಜಾಗ, ಅಲ್ಪವಿರಾಮ ಎಣಿಸುತ್ತವೆ, ಕೆಲವು ಎಣಿಸುವುದಿಲ್ಲ. ಹಾಗಾಗಿ ಸೆಕೆಂಡಿಗೆ ಇಷ್ಟು ಅಕ್ಷರ ಅಂತ ಹೇಳುವ, `CPS` ಅಂತ ಪಕ್ಕದಲ್ಲಿ ಕಾಣುವ ಸಂಖ್ಯೆಯನ್ನು ನಾನು ಜ್ವರದ ಥರ್ಮಾಮೀಟರ್ ಹಾಗೆ ನೋಡುತ್ತೇನೆ. ಏರಿದರೆ ಏನೋ ಇದೆ ಅಂತ ಗೊತ್ತಾಗುತ್ತದೆ, ಏನು ಅಂತ ಅದು ಹೇಳುವುದಿಲ್ಲ.

ಈಗ ಕತ್ತರಿ ಹಿಡಿಯೋಣ.

ಮೊದಲು ಹೋಗುವುದು 'ಅಯ್ಯೋ'. ತಾಯಿಯ ದನಿಯಲ್ಲೇ ಅದು ಕೇಳಿಸುತ್ತಿದೆ. ಹಿಂದಿ ಬಾರದ ನಿಮ್ಮ ಅಮ್ಮನಿಗೂ 'ಅರೇ' ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ.

ಆಮೇಲೆ 'ಎಷ್ಟೊತ್ತಿಂದ ಫೋನ್ ಮಾಡ್ತಾ ಇದ್ದೀನಿ, ಯಾಕೆ ಎತ್ತಲ್ಲ?' ಇದರಲ್ಲಿ ಒಂದು ಮಾತಿನೊಳಗೆ ಇನ್ನೊಂದು ಅಡಗಿದೆ. ಯಾಕೆ ಎತ್ತಲ್ಲ ಅಂದರೆ ಮಾಡಿದ್ದಾಳೆ ಅಂತಲೇ ಅಲ್ವಾ? ಬರೀ 'ಫೋನ್ ಯಾಕೆ ಎತ್ತಲ್ಲ?' ಅಂತ ಹಾಕಿದರೆ 18 ಅಕ್ಷರದಲ್ಲಿ ಕೆಲಸ ಮುಗಿಯುತ್ತದೆ. ನಾನು ಮೊದಲು ಹಾಗೇ ಬರೆಯುತ್ತಿದ್ದೆ. ಆದರೆ ಈ ಭಾಗಕ್ಕೆ 2 ಸೆಕೆಂಡು ಸಿಗುತ್ತದೆ, ಅಂದರೆ 34 ಅಕ್ಷರದ ಜಾಗ ಇದೆ. ಜಾಗ ಇದ್ದೂ ತಾಯಿಯ ಕಾಯುವಿಕೆಯನ್ನು ಕಿತ್ತು ಎಸೆದರೆ ಅದು ನಿಜವಾಗಿ ಸೋಮಾರಿತನ. 'ಎಷ್ಟೊತ್ತಿಂದ' ಬದಲು 'ಆಗಿಂದ' ಹಾಕಿದರೆ 11ರ ಜಾಗಕ್ಕೆ 5. 'ಮಾಡ್ತಾ ಇದ್ದೀನಿ' ಕೂಡಿ 'ಮಾಡ್ತಿದ್ದೀನಿ' ಆದರೆ ಇನ್ನೆರಡು ಉಳಿತಾಯ. 'ಯಾಕೆ ಎತ್ತಲ್ಲ' ಅನ್ನುವುದು 'ಎತ್ತಲ್ವಾ' ಆಗಲಿ. ಸರಿಯಾಗಿ 34 ಬಂತು.

ಎರಡನೇ ಭಾಗಕ್ಕೆ 3 ಸೆಕೆಂಡು. ಇಲ್ಲಿ ಹೋಗಿದ್ದು 'ಊರಿಗೆ' ಒಂದೇ. ಯಾಕೆ ಅದೇ? ಕನ್ನಡದಲ್ಲಿ 'ಬಾ' ಅಂದರೆ ಹೇಳುವವರು ಇರುವ ಕಡೆಗೇ ಬಾ ಅಂತ. ತಾಯಿ ಊರಲ್ಲಿದ್ದಾಳೆ ಅಂತ ದೃಶ್ಯವೇ ತೋರಿಸುತ್ತಿದೆ. 'ಬಂದುಬಿಡು' ಬದಲು 'ಬಾ' ಹಾಕಿದ್ದರೆ ಇನ್ನೂ ಆರು ಅಕ್ಷರ ಉಳಿಯುತ್ತಿತ್ತು, ಆದರೆ 'ಬಿಡು' ಅನ್ನುವುದರಲ್ಲೇ ಅವಳ ಗಾಬರಿ ಇದೆ, ಅದು ಇರಲಿ.

```
1
00:12:04,000 --> 00:12:06,000
ಆಗಿಂದ ಫೋನ್ ಮಾಡ್ತಿದ್ದೀನಿ, ಎತ್ತಲ್ವಾ?

2
00:12:06,083 --> 00:12:09,083
ಅಪ್ಪನಿಗೆ ಹುಷಾರಿಲ್ಲ,
ನಾಳೆ ಬೆಳಿಗ್ಗೆ ಬಸ್ಸಿಗೆ ಬಂದುಬಿಡು.
```

111 ಇದ್ದದ್ದು 84 ಆಯಿತು. ನೀವು ಹೇಳಿದ 'ಮುಕ್ಕಾಲು ಭಾಗ' ಸರಿಯಾಗಿಯೇ ಇದೆ ನೋಡಿ! ಎರಡರ ನಡುವೆ 083 ಅಂತ ಇರುವ ಸಣ್ಣ ಬಿಡುವು ಎರಡು ಫ್ರೇಮಿನದ್ದು. ಆ ಚೂರು ಖಾಲಿ ಇಲ್ಲದಿದ್ದರೆ ಬರಹ ಬದಲಾಗಿದ್ದೇ ಕಣ್ಣಿಗೆ ಗೊತ್ತಾಗುವುದಿಲ್ಲ, ಹಳೆಯದನ್ನೇ ಮತ್ತೆ ಓದಲು ಹೋಗುತ್ತದೆ.

ಸಾಲು ಮುರಿದದ್ದೂ ಸುಮ್ನೆ ಅಲ್ಲ. 'ಅಪ್ಪನಿಗೆ ಹುಷಾರಿಲ್ಲ, ನಾಳೆ' ಅಂತ ಮೇಲೆ ಇಟ್ಟು, 'ಬೆಳಿಗ್ಗೆ ಬಸ್ಸಿಗೆ ಬಂದುಬಿಡು' ಅಂತ ಕೆಳಗೆ ಇಟ್ಟರೆ ಎರಡು ಸಾಲೂ ಹೆಚ್ಚುಕಮ್ಮಿ ಸಮ ಆಗುತ್ತವೆ, ನೋಡಲು ಅಂದ. ಆದರೆ ಮೇಲಿನ ಸಾಲು ಓದಿದವರು ಒಂದು ಕ್ಷಣ ಮುಗ್ಗರಿಸುತ್ತಾರೆ, ನಾಳೆಗೂ ಹುಷಾರಿಲ್ಲವಾ ಅಂತ. ಕನ್ನಡಕ್ಕೆ ಇದರ ಜೊತೆ ಇನ್ನೊಂದು ತಾಪತ್ರಯ. ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಏರುತ್ತದೆ, ಇಂಗ್ಲಿಷ್‌ಗೆ ಇಟ್ಟಷ್ಟೇ ಅಂತರ ಇಟ್ಟರೆ ಎರಡೂ ಡಿಕ್ಕಿ. ಇದನ್ನು ಲ್ಯಾಪ್‌ಟಾಪಿನಲ್ಲಿ ನೋಡಿ ಸರಿ ಅಂದುಕೊಂಡರೆ ಸಾಲದು, ಫೋನಿನಲ್ಲೂ ಟೀವಿಯಲ್ಲೂ ಹಾಕಿ ನೋಡಬೇಕು.

ಹಾಗಾದರೆ 'ಬಸ್ಸಿಗೆ' ಯಾಕೆ ತೆಗೆಯಲಿಲ್ಲ? 'ನಾಳೆ ಬೆಳಿಗ್ಗೆ ಬಂದುಬಿಡು' ಅಂದರೆ ಸಾಕಾಗಿತ್ತಲ್ಲ. ಒಮ್ಮೆ ಬೇರೆ ಕೆಲಸದಲ್ಲಿ ಇಂಥದ್ದೇ ಮಾತಲ್ಲಿ ಹಾಗೆ ತೆಗೆದು ಕೈ ಸುಟ್ಟುಕೊಂಡಿದ್ದೇನೆ. ಎರಡು ಕಂತು ಆದ ಮೇಲೆ ಒಂದು ಪಾತ್ರ "ಬಸ್ಸಲ್ಲಿ ಬಾ ಅಂತ ನೀನೇ ಹೇಳಿದ್ದು" ಅಂತ ಜಗಳಕ್ಕೆ ನಿಂತಿತು, ನನ್ನ ಸಬ್‌ಟೈಟಲ್‌ನಲ್ಲಿ ಬಸ್ಸೇ ಇರಲಿಲ್ಲ. ಅಷ್ಟರಲ್ಲಿ ಮೊದಲ ಕಂತು ಕಳಿಸಿ ಆಗಿತ್ತು. ಅಂದಿನಿಂದ ಪೂರ್ತಿ ಸೀರೀಸ್ ನೋಡದೆ ಕತ್ತರಿ ಎತ್ತುವುದಿಲ್ಲ. ಇನ್ನೊಂದು ಕಾರಣವೂ ಇದೆ. ಬಸ್, ಫೋನ್, ಊರಿನ ಹೆಸರು, ಮನುಷ್ಯರ ಹೆಸರು, ಇವೆಲ್ಲ ಭಾಷೆ ಬಾರದವರ ಕಿವಿಗೂ ಬೀಳುತ್ತವೆ. ತಾಯಿ 'ಬಸ್' ಅಂದದ್ದು ನಿಮ್ಮ ಅಮ್ಮನಿಗೂ ಕೇಳಿಸಿದೆ. ಕೆಳಗೆ ಅದು ಕಾಣದಿದ್ದರೆ ಏನೋ ಮುಚ್ಚಿಟ್ಟರು ಅನ್ನಿಸುತ್ತದೆ.

ಜಾಗ ಎಷ್ಟೇ ಕಡಿಮೆ ಇದ್ದರೂ ಮುಟ್ಟಬಾರದ್ದು ಇನ್ನೊಂದಿದೆ, ಗೌರವ. 'ಬನ್ನಿ'ಗೆ 5, 'ಬಾ'ಗೆ 2. ಮೂರು ಅಕ್ಷರದ ಆಸೆಗೆ ಅತ್ತೆಗೆ 'ಬಾ' ಅನ್ನಿಸಿದರೆ ಸೊಸೆಯ ಸ್ವಭಾವವೇ ಬದಲಾಯಿತು. ಉಳಿತಾಯ ಬೇಕಿದ್ದರೆ 'ನಾನು', 'ನೀನು' ತೆಗೆಯಿರಿ, ಯಾರು ಅಂತ ಕ್ರಿಯಾಪದದ ಕೊನೆಯೇ ಹೇಳುತ್ತದೆ. ಹಿಂದಿಯಿಂದ ಬರುವ 'ಮೈಂ', 'ತುಮ್'ಗಳನ್ನೆಲ್ಲ ಕನ್ನಡದಲ್ಲೂ ಉಳಿಸಿಕೊಂಡು ಜಾಗ ಸಾಲಲ್ಲ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನೀವು ಹಿಂದಿ ಕೇಳಿ ಕನ್ನಡದ ಜೊತೆ ಹೋಲಿಸುತ್ತೀರಿ, ಅದಕ್ಕೆ ಬಿಟ್ಟದ್ದೆಲ್ಲ ಕಾಣುತ್ತದೆ. ನಾನು ಕತ್ತರಿಸುವುದು ನಿಮ್ಮ ಅಮ್ಮನನ್ನು ನೆನೆಸಿಕೊಂಡು. ಆದರೆ ಕಿವಿ ಕೇಳದವರಿಗೆ ಅಂತ ಕನ್ನಡದ ಮಾತಿಗೇ ಕನ್ನಡದ ಸಬ್‌ಟೈಟಲ್ ಹಾಕುವಾಗ ನನ್ನ ಲೆಕ್ಕ ಬೇರೆ. ಅವರಿಗೆ ತಾಯಿಯ ದನಿ ಸಿಗುವುದಿಲ್ಲ, 'ಅಯ್ಯೋ' ತೆಗೆದರೆ ಅದು ನಿಜವಾಗಿ ಹೋದ ಹಾಗೆಯೇ. ತುಟಿ ಓದಬಲ್ಲವರಿಗೆ ತುಟಿಯಲ್ಲಿ ಒಂದು, ಕೆಳಗೆ ಇನ್ನೊಂದು ಕಂಡರೆ ನಿಮಗಿಂತ ಜಾಸ್ತಿ ಸಿಟ್ಟು ಬರುತ್ತದೆ, ನಮ್ಮ ಪರವಾಗಿ ಯಾವ ಮಾತು ಮುಖ್ಯ ಅಂತ ತೀರ್ಮಾನ ಮಾಡಲು ನೀನ್ಯಾರು ಅಂತ. ಅಲ್ಲಿ ಆದಷ್ಟೂ ಆಡಿದ ಮಾತನ್ನೇ ಇಡುತ್ತೇನೆ. ಮಾತು ಮುಗಿದ ಮೇಲೂ ಸಬ್‌ಟೈಟಲ್ ಇನ್ನೊಂದು ಸೆಕೆಂಡು ನಿಲ್ಲಲು ಜಾಗ ಇದೆಯಾ ಅಂತ ಮೊದಲು ಹುಡುಕುತ್ತೇನೆ. ಅದೂ ಸಿಗದಿದ್ದರೆ ಮಾತ್ರ 'ಊರಿಗೆ' ಹೋಗುತ್ತದೆ, 'ಅಯ್ಯೋ' ಉಳಿಯುತ್ತದೆ.