ಒಂದು ಪುಟದ ಪಾಠ ಯೋಜನೆಯಲ್ಲಿ ಉಳಿಯಬೇಕಾದ ಎರಡು ಜೋಡಿ ಸಂಖ್ಯೆಗಳು

ಹೊಸದಾಗಿ ಕೆಲಸಕ್ಕೆ ಸೇರಿದ ಗಣಿತ ಶಿಕ್ಷಕಿಯೊಬ್ಬರು ನಾಲ್ಕು ಪುಟಗಳ ಪಾಠ ಟಿಪ್ಪಣಿ ಹಿಡಿದು ನನ್ನ ಬಳಿ ಬಂದಿದ್ದರು. ಆರನೇ ತರಗತಿ, ದಶಮಾಂಶ ಸಂಖ್ಯೆಗಳ ಹೋಲಿಕೆ, 40 ನಿಮಿಷಗಳ ಒಂದು ಅವಧಿ. ಶಾಲೆಯ ನಮೂನೆ ಒಂದೇ ಪುಟದ್ದು. ಮೇಲೆ ತರಗತಿ, ಘಟಕ, ದಿನಾಂಕ. ಅದರ ಕೆಳಗೆ ಕಲಿಕಾ ಫಲ, ಕಲಿಕೋಪಕರಣ, ತೊಡಗಿಸುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ 5ಇ ಮಾದರಿಯ ಐದು ಹಂತಗಳಿಗೆ ಐದು ಚೌಕ, ಕೊನೆಯಲ್ಲಿ ಸ್ವ-ಅವಲೋಕನಕ್ಕೆ ಎರಡು ಗೆರೆ.

ಅವರು ನಾಲ್ಕು ಪುಟಗಳನ್ನು ಈ ನಮೂನೆಗೆ ಆಗಲೇ ಒಮ್ಮೆ ಇಳಿಸಿ ನೋಡಿದ್ದರು. ಅನ್ವೇಷಣೆಯ ಚೌಕದಲ್ಲಿ ಹೀಗಿತ್ತು: ‘ಚೌಕಜಾಲದ ಸಹಾಯದಿಂದ ದಶಮಾಂಶ ಸಂಖ್ಯೆಗಳನ್ನು ಹೋಲಿಸುವ ಗುಂಪು ಚಟುವಟಿಕೆ ಮಾಡಿಸುವುದು.’ ವಾಕ್ಯದಲ್ಲಿ ತಪ್ಪಿಲ್ಲ, ಮುಖ್ಯ ಶಿಕ್ಷಕರ ಸಹಿಯೂ ಬೀಳುತ್ತದೆ. ಆದರೆ ಅವರ ನಾಲ್ಕು ಪುಟಗಳಲ್ಲಿ ಪಾಠವನ್ನು ಪಾಠವಾಗಿಸಿದ್ದ ಸಂಗತಿ ಆ ವಾಕ್ಯದಲ್ಲಿ ಒಂದೂ ಇರಲಿಲ್ಲ. ಯಾವ ಸಂಖ್ಯೆಗಳು ಎಂಬುದೇ ಇರಲಿಲ್ಲ.

ಈ ಪಾಠದಲ್ಲಿ ಸಂಖ್ಯೆಗಳ ಆಯ್ಕೆಯೇ ಅರ್ಧ ಕೆಲಸ. 0.4 ಮತ್ತು 0.35 ಇವುಗಳಲ್ಲಿ ಯಾವುದು ದೊಡ್ಡದು ಎಂದು ಕೇಳಿದರೆ ಹಲವು ಮಕ್ಕಳು 0.35 ಎನ್ನುತ್ತಾರೆ. 35 ನಾಲ್ಕಕ್ಕಿಂತ ದೊಡ್ಡದಲ್ಲವೇ? ಬಿಂದುವಿನ ಆಚೆಗೂ ಅವರಿಗೆ ಪೂರ್ಣಸಂಖ್ಯೆಯೇ ಕಾಣುತ್ತದೆ. ನಾವು ತರಗತಿಯಲ್ಲಿ ‘ಸೊನ್ನೆ ಬಿಂದು ಮೂವತ್ತೈದು’ ಎಂದು ಓದುವುದೂ ಈ ತಪ್ಪಿಗೆ ನೀರೆರೆಯುತ್ತದೆ. ‘ಸೊನ್ನೆ ಬಿಂದು ಮೂರು ಐದು’ ಎಂದು ಬಿಡಿಬಿಡಿಯಾಗಿ ಓದಬೇಕು.

ಇನ್ನೊಂದು ಬಗೆಯ ಮಕ್ಕಳಿದ್ದಾರೆ. ದಶಾಂಶಕ್ಕಿಂತ ಶತಾಂಶ ಚಿಕ್ಕದು ಎಂದು ಅವರು ಸರಿಯಾಗಿಯೇ ಕಲಿತಿರುತ್ತಾರೆ. ಅದರಿಂದ, ಬಿಂದುವಿನ ನಂತರ ಅಂಕೆಗಳು ಹೆಚ್ಚಿದ್ದಷ್ಟೂ ಸಂಖ್ಯೆ ಚಿಕ್ಕದು ಎಂಬ ತೀರ್ಮಾನಕ್ಕೆ ಬಂದಿರುತ್ತಾರೆ. ಇವರಿಗೆ 0.4 ಮತ್ತು 0.35ರ ಜೋಡಿ ಕೊಟ್ಟರೆ 0.4 ಎಂದೇ ಹೇಳುತ್ತಾರೆ. ಉತ್ತರ ಸರಿ, ಕಾರಣ ತಪ್ಪು. ಶಿಕ್ಷಕರು ಶಹಬ್ಬಾಸ್ ಎಂದು ಮುಂದೆ ಹೋಗುತ್ತಾರೆ. ಇವರನ್ನು ಹಿಡಿಯಲು ಬೇರೆ ಜೋಡಿ ಬೇಕು: 0.3 ಮತ್ತು 0.47. ಇಲ್ಲಿ ಅವರು 0.3 ದೊಡ್ಡದು ಎನ್ನುತ್ತಾರೆ. ಇದೇ ಜೋಡಿಯಲ್ಲಿ ಮೊದಲ ಬಗೆಯ ಮಕ್ಕಳ ಉತ್ತರ ಸರಿಯಾಗಿಬಿಡುತ್ತದೆ. ಹಾಗಾಗಿ ಎರಡೂ ಜೋಡಿ ಇರಲೇಬೇಕು. ಒಂದನ್ನು ಕೈಬಿಟ್ಟರೆ ಒಂದು ಬಗೆಯ ತಪ್ಪು ಇಡೀ ಅವಧಿ ಕಣ್ಣಿಗೆ ಬೀಳದೆ ಉಳಿಯುತ್ತದೆ.

ಇಂಥ ಜೋಡಿಗಳು ಕಪ್ಪುಹಲಗೆಯ ಮುಂದೆ ನಿಂತಾಗ ತಟ್ಟನೆ ಹೊಳೆಯುವುದಿಲ್ಲ. ಗದ್ದಲದ ನಡುವೆ ಕೈಗೆ ಬಂದದ್ದು 0.2 ಮತ್ತು 0.7 ಆಗಿರುತ್ತದೆ. ಅದರಲ್ಲಿ ಯಾರೂ ತಪ್ಪುವುದಿಲ್ಲ, ಯಾರ ಯೋಚನೆಯೂ ಹೊರಬರುವುದಿಲ್ಲ. ಆದ್ದರಿಂದ ಪುಟದಲ್ಲಿ ಏನು ಉಳಿಯಬೇಕು ಎಂಬುದಕ್ಕೆ ನನ್ನದು ಒಂದೇ ಅಳತೆಗೋಲು: ತರಗತಿಯಲ್ಲಿ ನಿಂತಾಗ ನಾನು ಹೊಸದಾಗಿ ಕಂಡುಕೊಳ್ಳಲಾಗದ್ದು ಬರೆಹದಲ್ಲಿರಬೇಕು. ಚಟುವಟಿಕೆಯ ಹೆಸರು, ಗುಂಪು ಮಾಡುವ ಬಗೆ, ‘ಮಕ್ಕಳ ಪೂರ್ವಜ್ಞಾನ ಪರೀಕ್ಷಿಸುವುದು’ ಎಂಬಂಥ ಮಾತುಗಳು ನನಗೆ ಬರೆಯದೆಯೂ ನೆನಪಿರುತ್ತವೆ. ಅವುಗಳನ್ನು ತೆಗೆದರೆ ಪಾಠ ಕೆಡುವುದಿಲ್ಲ.

ಆ ಶಿಕ್ಷಕಿಯೊಂದಿಗೆ ಕುಳಿತು ಪುಟವನ್ನು ಮತ್ತೆ ಬರೆದೆವು. ಕಲಿಕಾ ಫಲದ ಚೌಕದಲ್ಲಿ ಮೂರು ವಾಕ್ಯಗಳಿದ್ದವು, ಒಂದನ್ನು ಉಳಿಸಿದೆವು: ‘ಅಂಕೆಗಳ ಎಣಿಕೆ ಬೇರೆಬೇರೆ ಇರುವ ಎರಡು ದಶಮಾಂಶ ಸಂಖ್ಯೆಗಳನ್ನು ಸ್ಥಾನಬೆಲೆಯ ಕಾರಣ ಕೊಟ್ಟು ಹೋಲಿಸುವರು.’ ‘ಕಾರಣ ಕೊಟ್ಟು’ ಎಂಬ ಎರಡು ಪದಗಳನ್ನು ಅವರು ಜಾಗಕ್ಕಾಗಿ ಹೊಡೆದುಹಾಕಿದ್ದರು. ನಾನು ಅವನ್ನು ಮತ್ತೆ ಸೇರಿಸಿಸಿದೆ. ಅವಿಲ್ಲದಿದ್ದರೆ ಎರಡನೇ ಬಗೆಯ ಮಗುವೂ ಫಲ ಸಾಧಿಸಿದಂತೆಯೇ ಕಾಣುತ್ತದೆ.

ಮೊದಲ ಹಂತಕ್ಕೆ ಹೀಗೆ ಬರೆದೆವು: ‘0.4 / 0.35. 0.3 / 0.47. ನೋಟ್‌ಬುಕ್‌ನಲ್ಲಿ ದೊಡ್ಡದಕ್ಕೆ ಸುತ್ತು ಹಾಕಲಿ, ಮಾತು ಬೇಡ. ಕೈ ಎಣಿಸು. 5 ನಿ.’ ಮಾತು ಬೇಡ ಎಂದದ್ದು ಬೇಕೆಂದೇ. ಬಾಯಿಬಿಟ್ಟು ಕೇಳಿದರೆ ಚುರುಕಾದ ನಾಲ್ವರ ಉತ್ತರವೇ ಎಲ್ಲರ ಉತ್ತರವಾಗುತ್ತದೆ.

ಅನ್ವೇಷಣೆಗೆ 15 ನಿಮಿಷ. ಹತ್ತು ಸಾಲು, ಹತ್ತು ಕಂಬಸಾಲುಗಳ ಚೌಕಜಾಲದಲ್ಲಿ 0.4 ಎಂದರೆ ನಾಲ್ಕು ಪೂರ್ಣ ಕಂಬಸಾಲು. 0.35 ಎಂದರೆ ಮೂರು ಕಂಬಸಾಲು ಮತ್ತು ಐದು ಪುಟ್ಟ ಚೌಕ. ಮಕ್ಕಳೇ ಬಣ್ಣ ತುಂಬಬೇಕು. ಮೂಲ ಟಿಪ್ಪಣಿಯಲ್ಲಿ ರೂಪಾಯಿ ಪೈಸೆಯ ಉದಾಹರಣೆಯೂ ಇತ್ತು, ಅದನ್ನು ಬಿಟ್ಟೆವು. ಹಣವನ್ನು ಬಿಂದುವಿನ ನಂತರ ಎರಡು ಅಂಕೆಗಳಲ್ಲೇ ಬರೆಯುವುದರಿಂದ ಈ ಪಾಠದ ತೊಡಕು ಅಲ್ಲಿ ಏಳುವುದೇ ಇಲ್ಲ. ಜಾಗ ಇದ್ದರೂ ನಾನು ಅದನ್ನು ಸೇರಿಸುತ್ತಿರಲಿಲ್ಲ.

ವಿವರಣೆಯ ಚೌಕದಲ್ಲಿ ನಮ್ಮ ಮಾತಿಗಿಂತ ಮಕ್ಕಳ ಮಾತಿಗೆ ಹೆಚ್ಚು ಜಾಗ ಕೊಟ್ಟೆವು. ‘“35 ದೊಡ್ಡದು” ಎಂದರೆ: 35 ಏನು? ಕಂಬಸಾಲೋ, ಪುಟ್ಟ ಚೌಕವೋ? “ಶತಾಂಶ ಚಿಕ್ಕದು” ಎಂದರೆ: ಸರಿ, ಎಷ್ಟು ಶತಾಂಶಗಳಿವೆ?’ ನಿರೀಕ್ಷಿತ ತಪ್ಪು ಮತ್ತು ಅದಕ್ಕೆ ನಾವು ಕೇಳುವ ಮರುಪ್ರಶ್ನೆ, ಇಷ್ಟೇ. ನಾಲ್ಕು ಪುಟಗಳಲ್ಲಿ ಒಂದೂವರೆ ಪುಟ ತುಂಬಿದ್ದ ಸಂಭಾಷಣೆ ಮೂರು ಸಾಲಿಗೆ ಬಂತು. ಏನೂ ಸೋರಿಹೋಗಲಿಲ್ಲ.

ಕೊನೆಗೆ ಸೊನ್ನೆ ಸೇರಿಸಿ 0.40 ಮತ್ತು 0.35 ಎಂದು ಬರೆದು ಹೋಲಿಸುವ ಉಪಾಯ. ಇದನ್ನು ಮೊದಲೇ ಹೇಳಿಕೊಟ್ಟರೆ ಮಗು ಮತ್ತೆ 40 ಮತ್ತು 35 ಎಂಬ ಪೂರ್ಣಸಂಖ್ಯೆಗಳನ್ನೇ ಹೋಲಿಸಿ ಸರಿಯುತ್ತರ ಕೊಡುತ್ತದೆ. ಆದ್ದರಿಂದ ವಿಸ್ತರಣೆಯ ಚೌಕದಲ್ಲಿ ‘0.5 / 0.50 ಜಾಲದಲ್ಲಿ ತೋರಿಸಿದ ಮೇಲೆಯೇ ಸೊನ್ನೆಯ ಉಪಾಯ’ ಎಂದು ಬರೆದು ‘ಮೇಲೆಯೇ’ ಪದದ ಕೆಳಗೆ ಗೆರೆ ಎಳೆದೆವು. ಕ್ರಮ ಮುಖ್ಯವಾದಲ್ಲಿ ಕ್ರಮವನ್ನೂ ಬರೆಯಬೇಕು. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ‘0.3 ಮತ್ತು 0.4ರ ನಡುವೆ ಇರುವ ಒಂದು ಸಂಖ್ಯೆ ಬರೆಯಿರಿ.’ ‘ಯಾವುದೂ ಇಲ್ಲ’ ಎಂದು ಬರೆದ ಮಗುವಿಗೆ ಉಪಾಯವಷ್ಟೇ ಬಂದಿರಬಹುದು, ದಶಮಾಂಶ ಇನ್ನೂ ಒಲಿದಿಲ್ಲ.

ಬರೆದದ್ದು ಸಾಕೇ ಎಂದು ತಿಳಿಯಲು ಪುಟವನ್ನು ಪಕ್ಕದ ವಿಭಾಗದ ಶಿಕ್ಷಕರ ಕೈಗೆ ಕೊಟ್ಟು, ‘ಮೊದಲ ಐದು ನಿಮಿಷ ಏನು ಮಾಡುತ್ತೀರಿ, ಹೇಳಿ’ ಎಂದು ಕೇಳಿದೆವು. ‘ಕೈ ಎಣಿಸು’ ಎಂಬಲ್ಲಿ ಅವರು ತಡವರಿಸಿದರು: ಯಾರ ಕೈ, ಯಾವುದಕ್ಕೆ? ಅದನ್ನು ‘ಜೋಡಿವಾರು ತಪ್ಪು ಎಣಿಸಿ ಹಲಗೆಯ ಮೂಲೆಯಲ್ಲಿ ಬರೆ’ ಎಂದು ತಿದ್ದಿದೆವು. ನಮಗೆ ಮಾತ್ರ ತಿಳಿಯುವ ಸಂಕ್ಷೇಪಗಳು ಒಂದು ವರ್ಷ ಕಳೆದರೆ ನಮಗೂ ತಿಳಿಯುವುದಿಲ್ಲ.

ಒಂದು ಮಿತಿಯನ್ನು ಹೇಳಲೇಬೇಕು. ನಾಲ್ಕು ಪುಟ ಬರೆಯದೆ ನೇರವಾಗಿ ಈ ಒಂದು ಪುಟ ಬರೆಯಲು ಆ ಶಿಕ್ಷಕಿಗೆ ಸಾಧ್ಯವಿರಲಿಲ್ಲ, ಹೊಸ ಘಟಕವಾದರೆ ನನಗೂ ಸಾಧ್ಯವಿಲ್ಲ. ಉದ್ದದ ಟಿಪ್ಪಣಿಯನ್ನು ಎಸೆಯಬೇಡಿ ಎಂದು ಅವರಿಗೆ ಹೇಳಿದೆ. ಅದು ಅವರ ನೋಟ್‌ಬುಕ್‌ನಲ್ಲಿರಲಿ, ನಮೂನೆಯ ಮೂಲೆಯಲ್ಲಿ ಅದರ ಪುಟಸಂಖ್ಯೆ ಇರಲಿ. ಅಕ್ಷರ ಸಣ್ಣದು ಮಾಡಿ ಎಲ್ಲವನ್ನೂ ತುರುಕಿದ ಪುಟಗಳನ್ನು ನಾನು ಬಹಳ ನೋಡಿದ್ದೇನೆ. ಪಾಠದ ನಡುವೆ ಅವುಗಳತ್ತ ಕಣ್ಣು ಹಾಯಿಸಿದರೆ ಬೇಕಾದ ಸಾಲು ಸಿಗುವುದಿಲ್ಲ.

ಪಾಠ ಮುಗಿದ ದಿನ ಸಂಜೆ ಅವರು ಪುಟ ತಂದು ತೋರಿಸಿದರು. ಸ್ವ-ಅವಲೋಕನದ ಎರಡು ಗೆರೆಗಳಲ್ಲಿ ‘ಪಾಠ ಪರಿಣಾಮಕಾರಿಯಾಗಿತ್ತು’ ಎಂಬ ಎಂದಿನ ವಾಕ್ಯ ಇರಲಿಲ್ಲ. ಇದ್ದದ್ದು ಇಷ್ಟು: ‘ಮೊದಲ ಜೋಡಿ 14 ತಪ್ಪು, ಎರಡನೆಯದು 6. ಕೊನೆಯ ಪ್ರಶ್ನೆಗೆ 9 ಮಂದಿ “ಇಲ್ಲ”. ನಾಳೆ ಆ 9 ಮಂದಿಗೆ ಮತ್ತೆ ಚೌಕಜಾಲ.’