ಕ್ಯಾಲೆಂಡರ್ ಸಾಲು: ವಾಕ್ಯದಲ್ಲಿರುವ ಕಾರ್ಯಕ್ರಮವನ್ನು ಆಮದಿಗೆ ಸಿದ್ಧ ಮಾಡುವುದು

ಕಾರ್ಯಕ್ರಮದ ವಿವರ ಸಾಮಾನ್ಯವಾಗಿ ಮಾತಿನ ರೂಪದಲ್ಲೇ ಬರುತ್ತದೆ. ಈ ಸಂದೇಶ ನೋಡಿ: "ಓದುಗರ ಬಳಗದ ಮೊದಲ ಸಭೆ 2026ರ ಜೂನ್ 5, ಶುಕ್ರವಾರ ಸಂಜೆ ಆರೂವರೆಗೆ. ಎರಡನೆಯದು ಮರುವಾರ ಅದೇ ಹೊತ್ತಿಗೆ. 20ರ ಶನಿವಾರ ಬೆಳಿಗ್ಗೆ ಹತ್ತಕ್ಕೆ ಕಥೆ, ಕವಿತೆ ವಾಚನ."

ಓದುವವರಿಗೆ ಇಷ್ಟು ಸಾಕು. ಕ್ಯಾಲೆಂಡರಿಗೆ ಸಾಲದು. ಒಂದು ಕಾರ್ಯಕ್ರಮಕ್ಕೆ ಒಂದು ಸಾಲು, ಅದರಲ್ಲಿ ಹೆಸರು, ದಿನಾಂಕ, ಶುರುವಾಗುವ ಹೊತ್ತು ಬೇರೆ ಬೇರೆಯಾಗಿ ಇರಬೇಕು. ಇದೇ ಕ್ಯಾಲೆಂಡರ್ ಸಾಲು. ಇಂಥ ಸಾಲುಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದಿಟ್ಟ ಕಡತಕ್ಕೆ ಸಿಎಸ್‌ವಿ ಎನ್ನುತ್ತಾರೆ. ಆ ಕಡತವನ್ನು ಕ್ಯಾಲೆಂಡರಿನೊಳಗೆ ತುಂಬಿಸುವುದೇ ಆಮದು. ಗೂಗಲ್ ಕ್ಯಾಲೆಂಡರಿಗೆ ಮೇಲಿನ ಸಂದೇಶ ಹೀಗಾಗುತ್ತದೆ:

```
Subject,Start Date,Start Time
ಓದುಗರ ಬಳಗ: ಮೊದಲ ಸಭೆ,06/05/2026,6:30 PM
ಓದುಗರ ಬಳಗ: ಎರಡನೇ ಸಭೆ,06/12/2026,6:30 PM
"ಕಥೆ, ಕವಿತೆ ವಾಚನ",06/20/2026,10:00 AM
```

ಮೊದಲ ಸಾಲಿನ ಶೀರ್ಷಿಕೆಗಳು ಇಂಗ್ಲಿಷಿನಲ್ಲೇ ಇರಬೇಕು. ಉಳಿದ ಸಾಲುಗಳಲ್ಲಿ ಕನ್ನಡ ಧಾರಾಳವಾಗಿ ಬಳಸಬಹುದು, ಆದರೆ ಕಡತವನ್ನು UTF-8 ಎಂಬ ಅಕ್ಷರ ಸಂಕೇತ ಪದ್ಧತಿಯಲ್ಲಿ ಉಳಿಸಿ. ಇಲ್ಲದಿದ್ದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಬರಬಹುದು. ಕೊನೆಯ ಹೆಸರಿನ ಒಳಗೇ ಒಂದು ಅಲ್ಪವಿರಾಮ ಇದೆ, ಅಲ್ವಾ? ಅದಕ್ಕೇ ಆ ಹೆಸರಿಗೆ ಉದ್ಧರಣ ಚಿಹ್ನೆ. ಅದು ಇಲ್ಲದೆ ಹೋದರೆ "ಕವಿತೆ ವಾಚನ" ದಿನಾಂಕದ ಜಾಗಕ್ಕೆ ಹೋಗಿ ಕೂರುತ್ತದೆ.

"ಮರುವಾರ", "ಅದೇ ಹೊತ್ತಿಗೆ" ಎಂಬಂಥ ಮಾತುಗಳು ಹಿಂದಿನ ವಾಕ್ಯವನ್ನು ನೆಚ್ಚಿಕೊಂಡಿವೆ. ಸಾಲಿಗೆ ಬರುವಾಗ ಅವನ್ನು ಬಿಡಿಸಿ, ಜೂನ್ 12, ಸಂಜೆ 6:30 ಎಂದು ಪೂರ್ತಿ ಬರೆಯಬೇಕು. ಪ್ರತಿ ಸಾಲೂ ಒಂಟಿಯಾಗಿ ನಿಂತರೂ ಅರ್ಥವಾಗಬೇಕು. ಸಂದೇಶದಲ್ಲಿ ಬರೀ "ಆರೂವರೆಗೆ" ಎಂದಿದ್ದರೆ ಊಹೆ ಮಾಡಬೇಡಿ, ಬೆಳಿಗ್ಗೆಯೋ ಸಂಜೆಯೋ ಎಂದು ಕಳಿಸಿದವರನ್ನೇ ಕೇಳಿ.

ಜಾಸ್ತಿ ಎಡವುವುದು ದಿನಾಂಕದಲ್ಲಿ. ನಾವು ದಿನ ಮೊದಲು ಬರೆಯುತ್ತೇವೆ. ಗೂಗಲ್ ಕೊಡುವ ಮಾದರಿಯಲ್ಲಿ ತಿಂಗಳು ಮೊದಲು. ನಮ್ಮ ರೂಢಿಯಂತೆ 20/06/2026 ಎಂದು ಬರೆದರೆ ಇಪ್ಪತ್ತನೇ ತಿಂಗಳೇ ಇಲ್ಲವಲ್ಲ, ತಪ್ಪು ಬೇಗ ಗೊತ್ತಾಗುತ್ತದೆ. ಆದರೆ 05/06/2026 ಸುಮ್ನೆ ಒಳಗೆ ಹೋಗಿ ಮೇ 6ರಂದು ಕೂರುತ್ತದೆ. 12/06/2026 ಡಿಸೆಂಬರ್ 6ಕ್ಕೆ ಹಾರುತ್ತದೆ. ಅಂದರೆ 1ರಿಂದ 12ರವರೆಗಿನ ದಿನಗಳಲ್ಲಿ ತಪ್ಪು ಸದ್ದಿಲ್ಲದೆ ನುಸುಳಬಹುದು.

ಇದನ್ನು ಹಿಡಿಯಲು ವಾರದ ಹೆಸರು ತುಂಬ ನೆರವಾಗುತ್ತದೆ. ಸಾಲಿನಲ್ಲಿ ವಾರಕ್ಕೆ ಜಾಗವಿಲ್ಲದಿದ್ದರೂ ಮೂಲ ಸಂದೇಶವನ್ನು ಅಳಿಸಬೇಡಿ. ಮೊದಲ ಸಭೆ ಶುಕ್ರವಾರ ಎಂದಿದೆ. 2026ರ ಮೇ 6 ಬುಧವಾರ. ಎರಡೂ ಹೊಂದದಿದ್ದರೆ ದಿನ, ತಿಂಗಳು ಅದಲುಬದಲಾಗಿರುವ ಸಾಧ್ಯತೆಯೇ ಹೆಚ್ಚು.

ಆಮದನ್ನು ಕಂಪ್ಯೂಟರಿನಲ್ಲೇ ಮಾಡಬೇಕು, ಮೊಬೈಲ್ ಆ್ಯಪಿನಲ್ಲಿ ಆಗದು. ಮೊದಲು ಹೊಸದೊಂದು ಖಾಲಿ ಕ್ಯಾಲೆಂಡರ್ ಮಾಡಿ ಅದರೊಳಗೆ ಆಮದು ಮಾಡಿ. ತಪ್ಪಿದ್ದರೆ ಆ ಕ್ಯಾಲೆಂಡರನ್ನೇ ಅಳಿಸಿ, ಸಾಲು ತಿದ್ದಿ, ಮತ್ತೆ ಹಾಕಬಹುದು. ಅಳಿಸದೆ ಎರಡನೇ ಸಲ ಹಾಕಿದರೆ ಹಳೆಯ ತಪ್ಪು ಸಾಲು ಹಾಗೇ ಉಳಿದು, ಪಕ್ಕದಲ್ಲಿ ಹೊಸದೂ ಸೇರಿಕೊಳ್ಳುತ್ತದೆ.